ಕಾಫ್ಕಾ ರಾಯರ ಸಂದರ್ಶನ

ಬೆಳ್ಳಂದೂರಿನಿಂದ ವೈಟ್‌ಫೀಲ್ಡ್‌ವರೆಗೆ ಯಾವ ಆಫೀಸಿನ ಇಂಟರ್‌ವ್ಯೂ ಕೋಣೆಯಲ್ಲಿ ಕೂತರೂ ಕಾಫ್ಕಾ ರಾಯರು ಒಂದಲ್ಲ ಒಂದು ದಿನ ಬಂದೇ ಬರುತ್ತಾರೆ. ಹನ್ನೆರಡು-ಹದಿನಾಲ್ಕು ವರ್ಷದ ಅನುಭವ, ಹಳೆಯ ಕಂಪನಿಯ ಬ್ಯಾಕ್‌ಪ್ಯಾಕು, ಅದಕ್ಕಿಂತ ಹಳೆಯ ಕಂಪನಿಯ ನೀರಿನ ಬಾಟಲಿ. ಕೂತ ಎರಡು ನಿಮಿಷಕ್ಕೆ ಕಣ್ಣು ಗೋಡೆಯ ಬಿಳಿ ಬೋರ್ಡಿನ ಮೇಲೆ ಬೀಳುತ್ತದೆ. 'ಸರ್, ಬರೆದು ತೋರಿಸ್ಲಾ?' ಎನ್ನುವಷ್ಟರಲ್ಲಿ ಮಾರ್ಕರ್ ಕೈಯಲ್ಲಿರುತ್ತದೆ. ಮೊದಲು ಎರಡು ಡಬ್ಬಿ, ನಡುವೆ ಉದ್ದನೆಯ ಕೊಳವೆಯಂಥದ್ದೊಂದು, ಅದರೊಳಗೆ ಕಾಫ್ಕಾ ಅಂತ ಹೆಸರು. ನಿಮ್ಮ ಪ್ರಶ್ನೆ ಏನಿತ್ತು ಎಂಬುದು ಆಮೇಲಿನ ಮಾತು.

ಸೀನಿಯರ್ ಹುದ್ದೆಗೆ ನಾವು ಕೇಳುವುದು ಹೆಚ್ಚೇನಲ್ಲ. ನೀವು ಮುಂದೆ ನಿಂತು ತೆಗೆದುಕೊಂಡ ಒಂದು ತಾಂತ್ರಿಕ ನಿರ್ಧಾರ ಹೇಳಿ, ಕಿರಿಯರನ್ನು ಹೇಗೆ ಬೆಳೆಸಿದಿರಿ ಹೇಳಿ, ಆರ್ಕಿಟೆಕ್ಚರ್ ವಿಷಯಕ್ಕೆ ಯಾರ ಜೊತೆಗಾದರೂ ಮಾತಿಗೆ ಮಾತು ಬೆಳೆದದ್ದಿದ್ದರೆ ಹೇಳಿ. ಈ ಮೂರನ್ನೂ ನಾನು ಎಚ್‌ಆರ್ ಕೊಟ್ಟ ಹಾಳೆ ನೋಡಿಕೊಂಡೇ ಓದುತ್ತೇನೆ, ಆಗಲೇ ಹೊಳೆದಂತೆ ಮುಖ ಮಾಡಿಕೊಂಡು. ರಾಯರೂ ಹಿಂದಿನ ರಾತ್ರಿ ಬಾಯಿಪಾಠ ಮಾಡಿದ್ದನ್ನು ಆಗಷ್ಟೇ ನೆನಪಾದಂತೆ ಹೇಳುತ್ತಾರೆ. ಅಲ್ಲಿಗೆ ಇಬ್ಬರೂ ಸಮ.

ನನ್ನ ಪಾಲಿಗೆ ಬಂದ ರಾಯರು ದಿನಸಿ ಸಾಮಾನು ಮನೆಗೆ ತಲುಪಿಸುವ ಕಂಪನಿಯೊಂದರಲ್ಲಿದ್ದವರು. ಆರ್ಡರ್ ಬಂದರೆ ಗೋದಾಮಿನ ಸ್ಟಾಕು ಕಡಿಮೆಯಾಗಬೇಕು, ಅಷ್ಟೇ ಕೆಲಸ. ಮೊದಲು ಎರಡೂ ಟೇಬಲ್ಲು ಒಂದೇ ಡೇಟಾಬೇಸಿನಲ್ಲಿದ್ದವು. ರಾಯರು ಬಂದು ಅವನ್ನು ಎರಡು ಸರ್ವೀಸಾಗಿ ಬೇರೆ ಮಾಡಿ, ಸಂಸಾರ ಕೂಡಿಸಲು ನಡುವೆ ಕಾಫ್ಕಾ ಇಟ್ಟರು.

'ದಿನಕ್ಕೆ ಎಷ್ಟು ಆರ್ಡರ್ ಬರ್ತಿತ್ತು ಸರ್?' ಎಂದೆ.

'ಸ್ಕೇಲ್ ಬಹಳ ಇತ್ತು.'

'ಅಂದಾಜು?'

'ಇಪ್ಪತ್ತು ಸಾವಿರ!' ಎಂದರು, ಎದೆ ಸ್ವಲ್ಪ ಮುಂದೆ ಬಂತು.

ನಾನು ಬೋರ್ಡಿನ ಮೂಲೆಯಲ್ಲಿ ಲೆಕ್ಕ ಹಾಕಿದೆ. ದಿನಕ್ಕೆ 86,400 ಸೆಕೆಂಡು. 20,000 ಆರ್ಡರನ್ನು ಅದರಲ್ಲಿ ಹಂಚಿದರೆ ನಾಲ್ಕು ಸೆಕೆಂಡಿಗೊಂದು. ಜನ ಸಂಜೆ ಹೊತ್ತು ಏನಿಲ್ಲ ಏನಿದೆ ಅಂತ ಆರ್ಡರ್ ಮಾಡುವವರು, ಅರ್ಧದಷ್ಟು ಸಂಜೆಯ ಎರಡೇ ತಾಸಿನಲ್ಲಿ ಬಂತು ಅನ್ನಿ. ಆಗಲೂ ಸೆಕೆಂಡಿಗೆ ಒಂದೂವರೆಗಿಂತ ಕಡಿಮೆ. ಸಾಧಾರಣ ಮಷೀನಿನ ಮೇಲೆ ಕೂತ ಒಂದು ಪೋಸ್ಟ್‌ಗ್ರೆಸ್ ಇದನ್ನು ಆಕಳಿಸುತ್ತಲೇ ಮಾಡಿ ಮುಗಿಸುತ್ತದೆ. ಕಾಫ್ಕಾ ಲಿಂಕ್ಡ್‌ಇನ್‌ನವರು ತಮ್ಮ ಪ್ರವಾಹದಂಥ ಮಾಹಿತಿ ಸಾಗಿಸಲು ಕಟ್ಟಿಕೊಂಡು 2011ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟದ್ದು. ಅಡುಗೆಮನೆಯಿಂದ ಪಡಸಾಲೆಗೆ ಸಾರಿನ ಪಾತ್ರೆ ತರಲು ಲಾರಿ ಗೊತ್ತು ಮಾಡಿದ ಹಾಗಾಯಿತಲ್ಲ ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡೆ. ರಾಯರು ಲೆಕ್ಕ ನೋಡಿ, 'ಫ್ಯೂಚರ್ ಸ್ಕೇಲಿಗೆ ಸರ್' ಎಂದರು.

'ಇದಕ್ಕೆ ಯಾರೂ ಬೇಡ ಅನ್ನಲಿಲ್ವಾ?'

'ಒಬ್ಬಳು ಹುಡುಗಿ, ಎರಡು ವರ್ಷ ಅನುಭವ. ಡಿಸೈನ್ ಡಾಕ್ಯುಮೆಂಟಿನಲ್ಲಿ ಕಮೆಂಟ್ ಹಾಕಿದ್ದಳು. ಕನ್ವಿನ್ಸ್ ಮಾಡಿದೆ.'

'ಹೇಗೆ ಮಾಡಿದ್ರಿ?'

ರಾಯರು ಸ್ವಲ್ಪ ತಡೆದು, 'ಕಮೆಂಟ್ ರಿಸಾಲ್ವ್ ಮಾಡಿದೆ' ಎಂದರು.

ಅಂದರೆ ಕಮೆಂಟಿನ ಪಕ್ಕದ ರಿಸಾಲ್ವ್ ಗುಂಡಿ ಒತ್ತಿದರು. ಕಮೆಂಟ್ ಕಣ್ಮರೆಯಾಯಿತು, ಭಿನ್ನಾಭಿಪ್ರಾಯವೂ ಕಣ್ಮರೆ. ನಮ್ಮ ಊರಿನ ಅರ್ಧ ಆರ್ಕಿಟೆಕ್ಚರು ಹೀಗೇ ಸರ್ವಾನುಮತದಿಂದ ಪಾಸಾಗಿದೆ.

ಇಂಥ ಹೊತ್ತಿಗೆ ನಾನು ಇಟ್ಟುಕೊಂಡಿರುವ ಪ್ರಶ್ನೆ ಒಂದಿದೆ. ನಿಮ್ಮ ವಾದ ಬಿಡಿ ಸರ್, ಆಕೆಯ ವಾದವನ್ನು ಆಕೆಯೇ ಬಂದು ಹೇಳಿದ ಹಾಗೆ ಹೇಳಿ. ಇದರಲ್ಲಿ ಬಹಳ ಮಂದಿ ಸಿಕ್ಕಿಬೀಳುತ್ತಾರೆ. 'ಅವಳಿಗೆ ಮೈಕ್ರೋಸರ್ವೀಸ್ ಗೊತ್ತಿರಲಿಲ್ಲ' ಎಂದವರು ಆ ಕಮೆಂಟನ್ನು ಓದಿಯೇ ಇಲ್ಲ ಎಂದು ತಿಳಿಯಬಹುದು. ರಾಯರೂ ಅಲ್ಲೇ ಬೀಳುತ್ತಾರೆ, ಬೇಗ ಊಟಕ್ಕೆ ಹೋಗಬಹುದು ಎಂದು ಎಣಿಸಿದ್ದೆ.

ರಾಯರು ಮಾರ್ಕರ್ ಮುಚ್ಚಳ ಹಾಕಿ ಕೂತರು. ಆಮೇಲೆ ಹೇಳಿದ್ದು ಪಾಠದ ಹಾಗಿತ್ತು. ಎರಡೂ ಟೇಬಲ್ಲು ಒಂದೇ ಡೇಟಾಬೇಸಿನಲ್ಲಿದ್ದರೆ ಆರ್ಡರ್ ಬರೆಯುವುದು, ಸ್ಟಾಕು ಇಳಿಸುವುದು ಎರಡನ್ನೂ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಸುತ್ತಬಹುದು. ಆಗುವುದಿದ್ದರೆ ಎರಡೂ ಆಗುತ್ತವೆ, ಇಲ್ಲದಿದ್ದರೆ ಎರಡೂ ಇಲ್ಲ. ಬೇರೆ ಮಾಡಿದ ಮೇಲೆ ಮೊದಲು ಆರ್ಡರ್ ಬರೆದು, ಆಮೇಲೆ ಕಾಫ್ಕಾಗೆ ಸಂದೇಶ ಕಳಿಸಬೇಕು. ಇವೆರಡರ ನಡುವೆ ಪ್ರೋಗ್ರಾಮ್ ಸತ್ತರೆ ಆರ್ಡರ್ ಉಳಿಯುತ್ತದೆ, ಸಂದೇಶ ಹೋಗುವುದಿಲ್ಲ.

'ಅವಳು ಬರೆದಿದ್ದೂ ಇದೇ ಸರ್' ಎಂದರು. 'ಒಂದು ಸಂಜೆ ಹೊಸ ವರ್ಷನ್ ಹಾಕುವಾಗ ಸರ್ವರ್‌ಗಳು ರೀಸ್ಟಾರ್ಟ್ ಆದವು. ಆಗಿದ್ದೂ ಅದೇ.'

ಗಿರಾಕಿಗೆ ಆರ್ಡರ್ ಕನ್ಫರ್ಮ್ ಆಗಿದೆ, ಸ್ಟಾಕು ಮಾತ್ರ ಇಳಿದಿಲ್ಲ. ಇರುವ ಒಂದೇ ತುಪ್ಪದ ಡಬ್ಬಿ ಇಬ್ಬರಿಗೆ ಮಾರಾಟ. ಲಾಗಿನಲ್ಲಿ ಒಂದೂ ಎರರ್ ಇಲ್ಲ, ಏಕೆಂದರೆ ಎರರ್ ಬರೆಯಬೇಕಾದವನೇ ಸತ್ತಿದ್ದ. ಗೋದಾಮಿನವರು ಬೈದ ಮೇಲೆ ಆ ಹುಡುಗಿ ಎರಡೂ ಕಡೆಯ ಆರ್ಡರ್ ನಂಬರುಗಳನ್ನು ಎದುರುಬದುರು ಇಟ್ಟು, ಇಲ್ಲಿದ್ದು ಅಲ್ಲಿಲ್ಲದವನ್ನು ಹುಡುಕಿ ತೆಗೆದಳು. ರಿಪೇರಿಯನ್ನೂ ಅವಳೇ ಸೂಚಿಸಿದಳು: ಕಳಿಸಬೇಕಾದ ಸಂದೇಶವನ್ನು ಆರ್ಡರಿನ ಜೊತೆಗೇ, ಅದೇ ಟ್ರಾನ್ಸಾಕ್ಷನ್ನಿನಲ್ಲಿ, ಔಟ್‌ಬಾಕ್ಸ್ ಎಂಬ ಟೇಬಲ್ಲಿನಲ್ಲಿ ಬರೆದಿಡುವುದು. ಬೇರೊಂದು ಪ್ರೋಗ್ರಾಮ್ ಅಲ್ಲಿಂದ ಎತ್ತಿ ಕಾಫ್ಕಾಗೆ ಹಾಕುತ್ತದೆ. ಅದು ಕೆಲವೊಮ್ಮೆ ಒಂದೇ ಸಂದೇಶವನ್ನು ಎರಡು ಸಲ ಹಾಕೀತು, ಆದ್ದರಿಂದ ಸ್ಟಾಕಿನ ಕಡೆಯವರು ನೋಡಿದ ಆರ್ಡರ್ ನಂಬರು ಮತ್ತೆ ಬಂದರೆ ಬಿಟ್ಟುಬಿಡಬೇಕು.

'ಇದನ್ನ ಮೊದಲೇ ಹೇಳಬಹುದಿತ್ತಲ್ಲ ಸರ್' ಎಂದೆ.

'ಇದರಲ್ಲಿ ನಾನು ಸೋತಿದ್ದೀನಲ್ಲ ಸರ್, ಇಂಟರ್‌ವ್ಯೂನಲ್ಲಿ ಹೇಳೋಕಾಗುತ್ತಾ?'

ಕಿರಿಯರ ಬಗೆಗಿನ ಪ್ರಶ್ನೆಗೂ ಹೀಗೇ ಆಯಿತು. ಮೊದಲು ಹೇಳಿದ್ದು ತಾವು ಶುರುಮಾಡಿದ ಮೆಂಟರಿಂಗ್ ಪ್ರೋಗ್ರಾಮು, ಅದರ ಮೂವತ್ತು ಸ್ಲೈಡು. ಕೋಡ್ ರಿವ್ಯೂನಲ್ಲಿ ಎಷ್ಟು ಕಮೆಂಟ್ ಹಾಕುತ್ತೇನೆಂಬ ಹೆಮ್ಮೆ, ಅದರಲ್ಲಿ ಮುಕ್ಕಾಲು ಪಾಲು ವೇರಿಯಬಲ್ ಹೆಸರಿನ ಮೇಲೆ. ನಿಮ್ಮ ಹುಡುಗರು ಈಗ ನಿಮ್ಮನ್ನು ಕೇಳದೆ ಏನು ಮಾಡುತ್ತಾರೆ ಎಂದು ಕೇಳಿದಾಗ ಮಾತ್ರ ದಾರಿಗೆ ಬಂದರು. ಆ ಘಟನೆಯ ನಂತರ ಪ್ರತಿ ಡಿಸೈನಿಗೆ ಮುಂಚೆ ಯಾರಾದರೂ ಕಿರಿಯರ ಕೈಯಲ್ಲೇ ಬರೆಸುತ್ತಿದ್ದರಂತೆ: ನಡುವೆ ಕರೆಂಟು ಹೋದರೆ ಯಾವುದು ಉಳಿಯುತ್ತದೆ, ಯಾವುದು ಕಳೆಯುತ್ತದೆ. ಒಂದೇ ಪುಟ. ರಾಯರು ಕಡೆಯಲ್ಲಿ ಮಾತಾಡಬೇಕೆಂಬ ನಿಯಮ. 'ಮೊದಲು ನಾನು ಬಾಯಿ ಬಿಟ್ಟರೆ ಎಲ್ಲರೂ ಹೂಂ ಅಂತಾರೆ ಸರ್' ಎಂದರು. ಆ ಹುಡುಗಿ ಈಗ ಬೇರೆ ಕಂಪನಿಯಲ್ಲಿ ಸೀನಿಯರ್. ಅವಳಿಗೆ ರೆಫರೆನ್ಸ್ ಕೊಟ್ಟವರು ಇವರೇ.

ನಾವು ಸಂದರ್ಶನ ಮಾಡುವವರು ರಾಯರಂಥವರನ್ನು ಇಷ್ಟು ವರ್ಷದಿಂದ ಗೆಲುವಿನ ಕಥೆಗೇ ಒಗ್ಗಿಸಿದ್ದೇವೆ. ಫಲಿತಾಂಶ ಏನು, ಶೇಕಡಾ ಎಷ್ಟು ಎಂದು ಕೇಳಿ ಕೇಳಿ, ಅವರ ಬಳಿ ಇರುವ ಒಳ್ಳೆಯ ಸರಕನ್ನು ಮೂಟೆಯ ಅಡಿಗೆ ಹಾಕಿಸಿದ್ದೇವೆ. ರಾತ್ರಿ ಎರಡಕ್ಕೆ ಎದ್ದು ಕಲಿತದ್ದನ್ನು ಮುಚ್ಚಿಟ್ಟು, ಹಗಲು ಬರೆದ ಡಬ್ಬಿ ತೋರಿಸುತ್ತಾರೆ ಪಾಪ.

ನಮ್ಮ ಪ್ಯಾನೆಲ್ಲಿನಲ್ಲಿ ಒಮ್ಮತ ಬರಲಿಲ್ಲ. ಒಬ್ಬರು ಡಯಾಗ್ರಾಮ್ ಚೆನ್ನಾಗಿತ್ತೆಂದು ಬೇಕೆಂದರು, ಇನ್ನೊಬ್ಬರು ತಪ್ಪು ನಿರ್ಧಾರ ಮಾಡಿದವರೆಂದು ಬೇಡವೆಂದರು. ನಾನು ಆ ತಪ್ಪಿಗಾಗಿಯೇ ಬೇಕೆಂದು ವಾದಿಸಿದೆ. ಕೊನೆಗೆ ಶಿಫಾರಸು ಹೀಗೆ ಬರೆದೆ: 'ತೆಗೆದುಕೊಳ್ಳಿ. ಕಿರಿಯರನ್ನು ಇವರ ಕೈಗೆ ಧೈರ್ಯವಾಗಿ ಕೊಡಿ. ಮೊದಲ ಆರು ತಿಂಗಳು ಹೊಸ ಕಾಫ್ಕಾ ಟಾಪಿಕ್ ತೆರೆಯುವ ಪರ್ಮಿಷನ್ ಮಾತ್ರ ಕೊಡಬೇಡಿ.' ಇದಕ್ಕೆ ಫಾರ್ಮಿನಲ್ಲಿ ಕಾಲಂ ಇಲ್ಲ ಎಂದು ಎಚ್‌ಆರ್‌ನವರು ವಾಪಸ್ ಕಳಿಸಿದ್ದಾರೆ.