ನಲವತ್ತು ರೆಕ್ಕೆಯ ಅರ್ಜಿ

ಲ್ಯಾಬಿನ ಮುಖ್ಯಸ್ಥನಾದ ಮೇಲೆ ನಾನು ಎಂಜಿನಿಯರಿಂಗ್ ಮರೆತು ಅರ್ಜಿ ಬರೆಯುವುದನ್ನು ಕಲಿತಿದ್ದೇನೆ. ಈ ಸಲ ಹುಡುಗರ ಡ್ರೋನಿಗೆ ಹಣ ಕೇಳಿ ವಿಭಾಗಕ್ಕೆ ಬರೆದೆ: ಮೋಟಾರು ನಾಲ್ಕು, ಪ್ರೊಪೆಲ್ಲರ್ ನಲವತ್ತು.

ಗುಮಾಸ್ತರು ಕನ್ನಡಕ ಏರಿಸಿ, "ಸಾರ್, ಒಂದು ಸೊನ್ನೆ ಜಾಸ್ತಿ ಬಿದ್ದಿದೆ" ಎಂದರು. ಇಲ್ಲ ಸ್ವಾಮಿ, ಕಲಿಯುವ ಹುಡುಗರು ಡ್ರೋನ್ ಇಳಿಸುವುದಿಲ್ಲ, ಬೀಳಿಸುತ್ತಾರೆ. ಬಿದ್ದಾಗ ಮೊದಲು ಮುರಿಯುವುದು ರೆಕ್ಕೆ. ಅದರಲ್ಲೂ ಎರಡು ಗಡಿಯಾರದ ದಿಕ್ಕಿಗೆ ತಿರುಗುವಂಥವು, ಎರಡು ಅದರ ಎದುರಿಗೆ. ಅದಲುಬದಲಾದರೆ ಡ್ರೋನ್ ಏಳುವ ಮೊದಲೇ ಮಗುಚಿ, ಇನ್ನೆರಡು ರೆಕ್ಕೆ ನುಂಗುತ್ತದೆ.

"ಹಾಗಾದ್ರೆ ಮುರಿದದ್ದನ್ನೆಲ್ಲ ಡೆಡ್ ಸ್ಟಾಕ್ ರಿಜಿಸ್ಟರಿಗೆ ಏರಿಸಿ, ಸಾರ್." ಬೆವರು ಒರೆಸಿಕೊಂಡು, ರೆಕ್ಕೆಗಳನ್ನು ಸೀಮೆಸುಣ್ಣದ ಪಕ್ಕದಲ್ಲಿ, ಖರ್ಚಾಗುವ ಸಾಮಾನಿನ ಪಟ್ಟಿಗೆ ಸೇರಿಸಿದೆ.

ಬ್ಯಾಟರಿಯದು ಬೇರೆ ರಗಳೆ. ಲಿಥಿಯಂ ಪಾಲಿಮರ್ ಜಾತಿಯದು. ಪೂರ್ತಿ ಬರಿದಾಗುವವರೆಗೆ ಹಾರಿಸಿದರೆ ಪೂರಿಯಂತೆ ಉಬ್ಬುತ್ತದೆ. ಉಬ್ಬಿದ್ದನ್ನು ಚಾರ್ಜಿಗೆ ಹಾಕಿದರೆ ಬೆಂಕಿಯ ಭಯ. ಅದಕ್ಕೇ ಬ್ಯಾಟರಿ ಮೂರು, ಚಾರ್ಜ್ ಮಾಡಲು ಬೆಂಕಿ ತಡೆಯುವ ಚೀಲ ಒಂದು ಕೇಳಿದ್ದೆ. ಮೂರು ಕೊಟೇಶನ್ ಲಗತ್ತಿಸಿದ್ದೆ ಕೂಡ.

ಮಂಜೂರಾತಿ ಬಂತು. ಚೀಲಕ್ಕೆ ಪೂರ್ತಿ ಒಪ್ಪಿಗೆ. ಬ್ಯಾಟರಿಯ ಎದುರು ಕೆಂಪು ಶಾಯಿಯಲ್ಲಿ: "ಲ್ಯಾಬಿನ ಗೋಡೆ ಗಡಿಯಾರದ್ದನ್ನೇ ಬಳಸಿಕೊಳ್ಳುವುದು."