ಎರಡು ಪಿಪಿಟಿ, ಒಂದೇ ಡ್ಯಾಮು

ಬಳ್ಳಾರಿಯಲ್ಲಿ ರೈತರ ಬಗ್ಗೆ ಯಾರೇ ಪಿಪಿಟಿ ಮಾಡಲಿ, ಮೊದಲನೇ ಸ್ಲೈಡಿನಲ್ಲಿ ತುಂಗಭದ್ರಾ ಡ್ಯಾಮಿನ ಫೋಟೊ ಇರಲೇಬೇಕು. ಅದೂ ಗೇಟು ತೆಗೆದು ನೀರು ಬಿಟ್ಟಾಗಿನ ಫೋಟೊ. ಡ್ಯಾಮು ಇರುವುದು ಹೊಸಪೇಟೆಯಲ್ಲಿ, ಹೊಸಪೇಟೆ 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ ಎಂಬುದೆಲ್ಲ ನಮಗೆ ಗೊತ್ತು. ಆದರೆ ನೀರು ನಮ್ಮ ಕಡೆ ಬರುವ ತನಕ ಫೋಟೊ ನಮ್ಮದೇ.

ಆದ್ದರಿಂದ ನಮ್ಮ ಸಂಸ್ಥೆಯ ಸಿರುಗುಪ್ಪದ ತಂಡ ಕಳಿಸಿದ ಪಿಪಿಟಿಯಲ್ಲೂ ಡ್ಯಾಮು, ಕುರುಗೋಡಿನ ತಂಡ ಕಳಿಸಿದ್ದರಲ್ಲೂ ಅದೇ ಡ್ಯಾಮು ಕಂಡಾಗ ನನಗೇನೂ ಆಶ್ಚರ್ಯವಾಗಲಿಲ್ಲ. ಮೊದಲಿನವರದು ಭತ್ತ, 34 ಸ್ಲೈಡು. ಎರಡನೆಯವರದು ಮೆಣಸಿನಕಾಯಿ, 29. ಹಣ ಕೊಡುವವರು ಮುಂದಿನ ವಾರ ಬಳ್ಳಾರಿಗೆ ಬರುತ್ತಿದ್ದರು, ಅವರಿಗೆ ಒಂದೇ ಪಿಪಿಟಿ ತೋರಿಸಬೇಕಿತ್ತು. ನಮ್ಮ ಸಾಹೇಬರು ಮಂಡಕ್ಕಿ ಒಗ್ಗರಣೆಯ ಮೇಲೆ ಮಿರ್ಚಿ ಮುರಿದು ಹಾಕಿಕೊಳ್ಳುತ್ತಾ, “ಎರಡೂ ಸೇರ್ಸಿ ಒಂದು ಮಾಡಿಬಿಡಪ್ಪ, ಏನ್ ಮಹಾ. ಇದರ ಹಿಂದೆ ಅದನ್ನ ಅಂಟಿಸಿದ್ರೆ ಆತು” ಎಂದರು.

ಹಾಗೆ ಅಂಟಿಸಿದರೆ ಏನಾಗುತ್ತದೆ ಎಂದು ಸಾಹೇಬರಿಗೆ ಅಂಟಿಸಿಯೇ ತೋರಿಸಿದೆ. ಡ್ಯಾಮು ಬಂತು, ಜಿಲ್ಲೆಯ ಪರಿಚಯ ಬಂತು, ನಕ್ಷೆ ಬಂತು, ಭತ್ತ ಬಂತು, ‘ಧನ್ಯವಾದಗಳು’ ಎಂದು ಕೈಮುಗಿದದ್ದಾಯಿತು. ಆಮೇಲೆ ಮತ್ತೆ ಡ್ಯಾಮು, ಮತ್ತೆ ಜಿಲ್ಲೆಯ ಪರಿಚಯ. ಮೊದಲನೇ ಪರಿಚಯದಲ್ಲಿ ಜಿಲ್ಲೆಗೆ ಏಳು ತಾಲ್ಲೂಕು, ಎರಡನೆಯದರಲ್ಲಿ ಐದು. ಅರ್ಧ ಗಂಟೆಯಲ್ಲಿ ಎರಡು ತಾಲ್ಲೂಕು ಎಲ್ಲಿ ಹೋದವು ಎಂದು ಬಂದವರು ಕೇಳದಿದ್ದರೆ ಅವರು ನಿದ್ದೆಗೆ ಜಾರಿದ್ದಾರೆ ಎಂದೇ ಅರ್ಥ.

ಹೀಗಾಗಿ ಸ್ಲೈಡು ಮುಟ್ಟುವ ಮೊದಲು ಒಂದು ಮಾತು ಇತ್ಯರ್ಥ ಮಾಡಿಸಿಕೊಂಡೆ: ಬರುವವರು ಎದ್ದು ಹೋಗುವ ಮುನ್ನ ಯಾವ ಪ್ರಶ್ನೆಗೆ ಹೌದು ಅಥವಾ ಇಲ್ಲ ಅನ್ನಬೇಕು? ಸಾಹೇಬರು ಕೈತೊಳೆದು ಬಂದು ಹೇಳಿದರು: “ಕಾಲುವೆ ಕೊನೆಭಾಗದ ರೈತನಿಗೆ ಎರಡನೇ ಬೆಳೆಗೆ ನೀರು ಸಿಗಲ್ಲ. ಅವನಿಗೆ ಬೇರೆ ದಾರಿ ಮಾಡೋಕೆ ರೊಕ್ಕ ಕೊಡ್ತೀರಾ?” ಬರೋಬ್ಬರಿ. ಇದಕ್ಕೆ ಆಧಾರ ಕೊಡುವ ಸ್ಲೈಡು ಉಳಿಯುತ್ತದೆ, ಕೊಡದಿದ್ದದ್ದು ಕೊನೆಯ ಅನುಬಂಧಕ್ಕೆ ಹೋಗುತ್ತದೆ. ತಂಡಗಳ ನಡುವೆ ಜಗಳ ಬಂದರೆ ತೀರ್ಮಾನ ಸಾಹೇಬರದು ಎಂದೂ ಬರೆಸಿಕೊಂಡೆ. ಇದಿಲ್ಲದೆ ಕೂತರೆ, ಹೆಚ್ಚು ಸಲ ಫೋನು ಮಾಡಿದ ತಂಡದ ಸ್ಲೈಡೇ ಗೆಲ್ಲುತ್ತದೆ.

ಆಮೇಲೆ ಎಕ್ಸೆಲ್ ತೆಗೆದು ಸ್ಲೈಡಿಗೊಂದು ಸಾಲು ಹಾಕಿದೆ. ಯಾವ ತಂಡದ್ದು, ಎಷ್ಟನೆಯದು, ಅದರಲ್ಲಿರುವ ಅಂಕಿ, ಆ ಅಂಕಿಯ ಅಳತೆ, ವರ್ಷ, ಎಲ್ಲಿಂದ ತಂದದ್ದು. ಎಲ್ಲಕ್ಕಿಂತ ಮುಖ್ಯವಾದ ಕಾಲಂ ಒಂದಿತ್ತು: ಈ ಸ್ಲೈಡು ಏನು ಹೇಳುತ್ತದೆ, ಒಂದೇ ವಾಕ್ಯದಲ್ಲಿ. ತಲೆಬರಹ ನಕಲು ಮಾಡಿದರೆ ಉಪಯೋಗವಿಲ್ಲ. ‘ನೀರಾವರಿ’ ಎಂಬ ತಲೆಬರಹ ಎರಡರಲ್ಲೂ ಇತ್ತು. ಒಂದು ನೀರು ಬರುತ್ತದೆ ಎನ್ನುತ್ತಿತ್ತು, ಇನ್ನೊಂದು ಬರುವುದಿಲ್ಲ ಎನ್ನುತ್ತಿತ್ತು. ತಲೆಬರಹ ನೋಡಿ ಒಂದೇ ಅಂದುಕೊಂಡು ಒಂದನ್ನು ಅಳಿಸಿದ್ದರೆ ಅರ್ಧ ಕಥೆಯೇ ಹೋಗುತ್ತಿತ್ತು. ಇನ್ನು ಕೆಲವು ಕಡೆ ತಲೆಬರಹ ಬೇರೆ ಬೇರೆ, ಚಿತ್ರ ಬೇರೆ ಬೇರೆ, ಹೇಳುವ ಮಾತು ಒಂದೇ. ಪುನರಾವರ್ತನೆ ಕಣ್ಣಿಗೆ ಕಾಣುವುದು ಕಡಿಮೆ, ವಾಕ್ಯದ ಕಾಲಂ ಪ್ರಕಾರ ಸಾಲುಗಳನ್ನು ಒಟ್ಟುಮಾಡಿದಾಗಲೇ ಸಿಕ್ಕಿಬೀಳುವುದು.

ಒಂದು ಸ್ಲೈಡಿಗೆ ಮಾತ್ರ ಎಷ್ಟು ತಿಣುಕಿದರೂ ವಾಕ್ಯ ಹುಟ್ಟಲಿಲ್ಲ. ಬಾಣಗಳು ವೃತ್ತಾಕಾರವಾಗಿ ತಿರುಗುತ್ತಿದ್ದವು, ನಡುವೆ ರೈತ ನಗುತ್ತಿದ್ದ. ಮಾಡಿದವರಿಗೆ ಫೋನು ಹಚ್ಚಿ ಇದರ ಅರ್ಥ ಏನ್ರೀ ಅಂದೆ. “ಅರ್ಥ ಏನೂ ಇಲ್ರಿ ಸಾರ್, ಚೆಂದ ಐತಿ, ಇರ್ಲಿ ಬಿಡ್ರಿ” ಎಂದರು. ರೈತ ಅನುಬಂಧದಲ್ಲಿ ಈಗಲೂ ನಗುತ್ತಿದ್ದಾನೆ.

ಪುನರಾವರ್ತನೆಯ ಕಾಟ ಇಷ್ಟೇ. ನಿಜವಾದ ಪಂಚಾಯಿತಿ ನಡೆಯುವುದು ಅಂಕಿಗಳ ಜಗಳದಲ್ಲಿ. ಸಿರುಗುಪ್ಪದವರ ಪ್ರಕಾರ ಡ್ಯಾಮಿನಲ್ಲಿ 100.855 ಟಿಎಂಸಿ ನೀರು ಹಿಡಿಸುತ್ತದೆ. ಕುರುಗೋಡಿನವರ ಪ್ರಕಾರ 105.788. ಇಬ್ಬರೂ ದಶಮಾಂಶದ ನಂತರ ಮೂರು ಅಂಕಿ ಬರೆದಿದ್ದರಿಂದ ಇಬ್ಬರ ಮುಖದಲ್ಲೂ ಅಪಾರ ವಿಶ್ವಾಸ. “ನಮ್ದು ಕರೆಕ್ಟ್ ಐತ್ರಿ” ಎಂದು ಅವರು, “ನಮ್ದು ಬೋರ್ಡಿಂದೇ ತಗೊಂಡಿದ್ದು” ಎಂದು ಇವರು. ಸಾಹೇಬರು ಇಬ್ಬರಿಗೂ ಬೇಜಾರಾಗದ ಹಾಗೆ, “ಸರಾಸರಿ ಹಾಕ್ರಪ್ಪ” ಎಂದು ತೀರ್ಪು ಕೊಟ್ಟರು. ಸರಾಸರಿ 103.32 ಬರುತ್ತದೆ. ಅಷ್ಟು ನೀರು ಹಿಡಿಯುವ ಡ್ಯಾಮನ್ನು ಭೂಮಿಯ ಮೇಲೆ ಇನ್ನೂ ಯಾರೂ ಅಳೆದಿಲ್ಲ.

ಸಂಗತಿ ಇಷ್ಟೇ: ಎರಡೂ ಸರಿ. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬುತ್ತಾ ಬಂತು, ಆಗಾಗ ಸರ್ವೆ ಮಾಡಿದರು. 100.855 ಎಂಬುದು 2008ರ ಸರ್ವೆಯ ಲೆಕ್ಕ, 105.788 ಎಂಬುದು 2016ರದು. ಹೂಳು ತೆಗೆಯದೆ ಸಾಮರ್ಥ್ಯ ಹೆಚ್ಚಾದದ್ದು ಹೇಗೆ ಎಂದು ಕೇಳಬೇಡಿ, ನೀರು ಹೆಚ್ಚಾದದ್ದಲ್ಲ, ಅಳತೆ ಬೇರೆಯಾದದ್ದು. ಹೊಸ ಪಿಪಿಟಿಯಲ್ಲಿ 105.788 ಇಟ್ಟು, ಕೆಳಗೆ ಸಣ್ಣಕ್ಷರದಲ್ಲಿ ‘2016ರ ಸರ್ವೆ’ ಎಂದು ಬರೆದೆ. ಸಿರುಗುಪ್ಪದವರು ಹಳೆಯ ಅಂಕಿಯ ಮೇಲೆ ಲೆಕ್ಕ ಹಾಕಿದ್ದ ಇನ್ನೊಂದು ಸ್ಲೈಡು ಇತ್ತು, ಅದನ್ನೂ ಅವರಿಂದಲೇ ಹೊಸದಾಗಿ ಲೆಕ್ಕ ಹಾಕಿಸಬೇಕಾಯಿತು. ಎಲ್ಲರೂ ಮರೆಯುವುದು ಇದನ್ನೇ. ಒಂದು ಅಂಕಿ ಬದಲಾದರೆ ಅದರ ಮಕ್ಕಳು ಮೊಮ್ಮಕ್ಕಳು ಯಾವ ಯಾವ ಸ್ಲೈಡಿನಲ್ಲಿ ಕೂತಿದ್ದಾರೆ ಎಂದು ಹುಡುಕಬೇಕು.

ತಾಲ್ಲೂಕಿನ ಗುಟ್ಟೂ ಇದೇ ಜಾತಿಯದು. ಸಿರುಗುಪ್ಪದವರು 2011ರ ಜನಗಣತಿಯ ಏಳು ತಾಲ್ಲೂಕಿನ ಕೋಷ್ಟಕ ಹಾಕಿದ್ದರು. ಅದರಲ್ಲಿ ಕುರುಗೋಡು ತಾಲ್ಲೂಕೇ ಇಲ್ಲ, ಆಗ ಅದು ಬಳ್ಳಾರಿ ತಾಲ್ಲೂಕಿನೊಳಗಿತ್ತು. ಕುರುಗೋಡಿನವರಿಗೆ ಇದು ಜೀವಮಾನದ ಅವಮಾನದಂತೆ ಕಂಡು, “ದೊಡ್ಡ ಬಸವೇಶ್ವರ ಇರೋ ಊರನ್ನೇ ಬಿಟ್ಟಾರಲ್ರಿ” ಎಂದರು. ಈಗಿನ ಜಿಲ್ಲೆಗೆ ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಕಂಪ್ಲಿ, ಸಂಡೂರು, ಹೀಗೆ ಐದು. ಹಳೆಯ ಜಿಲ್ಲೆಯ ಜನಸಂಖ್ಯೆಯನ್ನು ಹೊಸ ಜಿಲ್ಲೆಯ ನಕ್ಷೆಯ ಪಕ್ಕ ಇಟ್ಟರೆ ಎರಡೂ ನಿಜ, ಒಟ್ಟಿಗೆ ಸುಳ್ಳು. ಜಿಲ್ಲೆಯ ಅಂಕಿಯನ್ನೇ ಕೈಬಿಟ್ಟು, ನಾವು ಕೆಲಸ ಮಾಡುವ ಹಳ್ಳಿಗಳ ಅಂಕಿ ಇಟ್ಟೆ. ಬಂದವರಿಗೆ ಬೇಕಿದ್ದದ್ದೂ ಅದೇ.

ಇಳುವರಿಯ ವಿಷಯಕ್ಕೆ ಬಂದರೆ, ಭತ್ತ 40 ಎಂದು ಒಂದು ಸ್ಲೈಡು, 30 ಎಂದು ಇನ್ನೊಂದು, 7.4 ಎಂದು ಮತ್ತೊಂದು. ಮೂರರಲ್ಲಿ ಎರಡು ಒಂದೇ ತಂಡದವು! ನಮ್ಮ ಕಡೆ ಭತ್ತದ ಚೀಲ ಎಂದರೆ 75 ಕಿಲೊ. ಎಕರೆಗೆ 40 ಚೀಲ ಎಂದರೆ 30 ಕ್ವಿಂಟಲ್. ಅದನ್ನೇ ಎಕರೆ ಬಿಟ್ಟು ಹೆಕ್ಟೇರಿಗೆ ಹಾಕಿದರೆ 7.4 ಟನ್ನು. ಕೂತು ಗುಣಿಸಿದಾಗ ಮೂವರೂ ಒಂದೇ ಹೊಲದ ಬಗ್ಗೆ ಮಾತಾಡುತ್ತಿದ್ದರು ಎಂದು ಗೊತ್ತಾಯಿತು. ಬಂದವರು ದಿಲ್ಲಿಯವರಾದ್ದರಿಂದ ಕ್ವಿಂಟಲ್ ಇಟ್ಟೆವು. ಮಾತಾಡುವವರು ಬಾಯಲ್ಲಿ ಚೀಲ ಎನ್ನಲಿ, ತೆರೆಯ ಮೇಲೆ ಒಂದೇ ಅಳತೆ.

ಎಲ್ಲ ಜಗಳವೂ ಹೀಗೆ ಗುಣಾಕಾರಕ್ಕೆ ಬಗ್ಗುವುದಿಲ್ಲ. ಸಿರುಗುಪ್ಪದವರು ಒಂದು ಕಡೆ, ಮೆಣಸಿನಕಾಯಿ ನಮ್ಮಲ್ಲಿ ಅಷ್ಟೇನೂ ಇಲ್ಲ ಎಂದು ಬಳ್ಳಾರಿ ಎಪಿಎಂಸಿಯ ಆವಕದ ಚಾರ್ಟ್ ಹಾಕಿದ್ದರು. ಕುರುಗೋಡಿನವರು ಹೊಲ ಹೊಲ ಸುತ್ತಿ, ಎಲ್ಲಿ ನೋಡಿದರೂ ಮೆಣಸಿನಕಾಯಿಯೇ ಎಂದಿದ್ದರು. ಇಲ್ಲಿ ಒಬ್ಬರು ಸುಳ್ಳಾಡುತ್ತಿರಬೇಕು ಎಂದು ಕಚೇರಿಯಲ್ಲಿ ಪಿಸುಪಿಸು ಶುರುವಾಯಿತು. ಎರಡು ತಂಡದ ಒಬ್ಬೊಬ್ಬರನ್ನು ಎದುರುಬದುರು ಕೂರಿಸಿ, ನೀವು ಎಣಿಸಿದ್ದು ಏನನ್ನ, ಎಲ್ಲಿ ನಿಂತು ಎಂದು ಕೇಳಿದೆ. ಒಬ್ಬರು ಮಾರುಕಟ್ಟೆಯ ಬಾಗಿಲಲ್ಲಿ ನಿಂತು ಎಣಿಸಿದ್ದರು, ಇನ್ನೊಬ್ಬರು ಹೊಲದಲ್ಲಿ. ನಮ್ಮ ರೈತ ಕಾಯಿ ಒಣಗಿಸಿ ಲಾರಿಗೆ ಹೇರಿಕೊಂಡು ಹಾವೇರಿ ಜಿಲ್ಲೆಯ ಬ್ಯಾಡಗಿಗೆ ಹೋಗುತ್ತಾನೆ. ಕಾಯಿ ಬೆಳೆದದ್ದು ಇಲ್ಲಿ, ಲೆಕ್ಕಕ್ಕೆ ಬಿದ್ದದ್ದು ಅಲ್ಲಿ. ಇಲ್ಲಿ ಯಾವುದನ್ನೂ ಅಳಿಸಬಾರದು. ಎರಡೂ ಚಾರ್ಟನ್ನು ಒಂದೇ ಸ್ಲೈಡಿನಲ್ಲಿ ಪಕ್ಕಪಕ್ಕ ಇಟ್ಟು, ಮೇಲೆ ತಲೆಬರಹವಾಗಿ ಪೂರ್ತಿ ವಾಕ್ಯವನ್ನೇ ಬರೆದೆ: ‘ಇಲ್ಲಿ ಬೆಳೆದ ಮೆಣಸಿನಕಾಯಿ ಬ್ಯಾಡಗಿಗೆ ಹೋಗುತ್ತದೆ, ಲಾರಿ ಬಾಡಿಗೆ ರೈತನದು.’ ಇಡೀ ಪಿಪಿಟಿಯಲ್ಲಿ ಜನ ಮುಂದಕ್ಕೆ ಬಗ್ಗಿ ನೋಡಿದ ಸ್ಲೈಡು ಅದೊಂದೇ. ಎರಡೂ ತಂಡದವರು ಅದು ತಮ್ಮದೆಂದು ಇಂದಿಗೂ ಹೇಳಿಕೊಳ್ಳುತ್ತಾರೆ.

ಮಾತು ಒಂದಾದ ಮೇಲೆ ಯಂತ್ರದ ಸರದಿ. ಸ್ಲೈಡು ತಂದು ಅಂಟಿಸುವಾಗ ಪವರ್‌ಪಾಯಿಂಟು `Keep Source Formatting` ಬೇಕೋ `Use Destination Theme` ಬೇಕೋ ಎನ್ನುತ್ತದೆ. ಮೊದಲನೆಯದನ್ನು ಒತ್ತಿದರೆ ಸ್ಲೈಡಿನ ಜೊತೆ ಅದರ ಬಣ್ಣ, ಲೋಗೊ, ಅಂಚು ಎಲ್ಲ ಮೆರವಣಿಗೆಯಲ್ಲಿ ಬರುತ್ತವೆ, `View > Slide Master` ತೆರೆದರೆ ಹಳೆಯ ಮಾಸ್ಟರುಗಳು ಸಾಲಾಗಿ ಕೂತಿರುತ್ತವೆ. ಎರಡನೆಯದೇ ಸರಿ ಎಂದು ಒತ್ತಿದೆ. ಕುರುಗೋಡಿನವರು ಥೀಮಿನಲ್ಲೇ ಹಳೆಯ ನುಡಿ ಫಾಂಟ್ ಇಟ್ಟಿದ್ದರು. ಥೀಮು ಬದಲಾದ ಕೂಡಲೇ ಕನ್ನಡವೆಲ್ಲ `PÀ£ÀßqÀ` ಆಯಿತು. ಹಳೆಯ ನುಡಿಯಲ್ಲಿ ನಮ್ಮ ಅಕ್ಷರದ ತುಂಡುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಅಡಗಿ ಕೂತಿರುತ್ತವೆ. ಫಾಂಟಿನ ಹೊದಿಕೆ ಸರಿದರೆ ನಿಜರೂಪ ಕಾಣುತ್ತದೆ. ಅಷ್ಟೇ ಅಲ್ಲ, ‘ಮೆಣಸಿನಕಾಯಿ’ ಎಂದು ಯೂನಿಕೋಡಿನಲ್ಲಿ ಟೈಪಿಸಿ ಹುಡುಕಿದರೆ ನುಡಿಯಲ್ಲಿ ಬರೆದ ಒಂದು ಮೆಣಸಿನಕಾಯಿಯೂ ಸಿಗುವುದಿಲ್ಲ. ಪುನರಾವರ್ತನೆ ಹುಡುಕುವ ಮೊದಲೇ ಎಲ್ಲವನ್ನೂ ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಂದುಕೊಳ್ಳುವುದು ಒಳ್ಳೆಯದು. ಒತ್ತಕ್ಷರಗಳನ್ನು ಮಾತ್ರ ಆಮೇಲೆ ಕಣ್ಣಿಟ್ಟು ಓದಬೇಕು.

ಉಳಿದವು ಚಿಲ್ಲರೆ. ‘ಸ್ಲೈಡ್ 14 ನೋಡಿ’ ಎಂದಿದ್ದ ಕಡೆ ಈಗ 14ರಲ್ಲಿ ಎಮ್ಮೆಯ ಫೋಟೊ ಬಂದಿರುತ್ತದೆ, ಸರಿಮಾಡಬೇಕು. ಮರೆಮಾಡಿದ ಸ್ಲೈಡುಗಳ ಮೇಲೆ, ಕೆಳಗಿನ ಟಿಪ್ಪಣಿಗಳ ಮೇಲೆ ಕಣ್ಣಾಡಿಸಬೇಕು. ಒಂದು ಟಿಪ್ಪಣಿಯಲ್ಲಿ ‘ಇಲ್ಲಿ ಸಾಹೇಬರು ಕೆಮ್ಮಿದರೆ ಮುಂದಿನ ಸ್ಲೈಡಿಗೆ ಹೋಗುವುದು’ ಎಂದಿತ್ತು. ಅದನ್ನು ಉಳಿಸಿಕೊಂಡೆ.

ಕೊನೆಗೆ 22 ಸ್ಲೈಡು ಆಯಿತು, ಡ್ಯಾಮು ಒಂದೇ. ತಲೆಬರಹಗಳನ್ನಷ್ಟೇ ಸಾಲಾಗಿ ನಮ್ಮ ಅಟೆಂಡರ್ ಅಣ್ಣನಿಗೆ ಓದಿ ಹೇಳಿದೆ. ಒಂಬತ್ತನೆಯದಾದ ಮೇಲೆ ತಡೆದು, “ಇದನ್ನ ಆಗ್ಲೇ ಹೇಳಿದ್ರಲ್ಲ” ಅಂದ. ಹೌದು, ನಾಲ್ಕನೆಯದರಲ್ಲಿ ಬೇರೆ ಮಾತಿನಲ್ಲಿ ಹೇಳಿತ್ತು. 21 ಆಯಿತು.

ಸಿರುಗುಪ್ಪ, ಕುರುಗೋಡಿನ ಗೆಳೆಯರಲ್ಲಿ ಒಂದು ವಿನಂತಿ. ಮುಂದಿನ ಸಲ ಪಿಪಿಟಿ ಕಳಿಸುವಾಗ ಚಾರ್ಟಿನ ಫೋಟೊ ತೆಗೆದು ಅಂಟಿಸಬೇಡಿ, ಅದರ ಎಕ್ಸೆಲ್ ಕಡತವನ್ನೂ ಕಳಿಸಿ. ಪ್ರತಿ ಅಂಕಿಯ ಕೆಳಗೆ ವರ್ಷ ಮತ್ತು ಅಳತೆ ಬರೆಯಿರಿ, ಯೂನಿಕೋಡಿನಲ್ಲಿ ಬರೆಯಿರಿ. ಡ್ಯಾಮಿನ ಫೋಟೊ ಕಳಿಸುವುದು ಬೇಡ, ನನ್ನ ಹತ್ತಿರ ಸಾಕಷ್ಟಿವೆ.