ದಿನಾಂತರ ಮೀಮಾಂಸೆ

ಎಂಟಕ್ಕೆ ಎಂಟನ್ನು ಕೂಡಿದರೆ ಹದಿನೈದಾಗುವುದೆಂಬ ಸಿದ್ಧಾಂತವನ್ನು ಗಣಿತಜ್ಞರು ಇನ್ನೂ ಅಂಗೀಕರಿಸದಿದ್ದರೂ ಕನ್ನಡನಾಡಿನ ಗೃಹಸ್ಥರೆಲ್ಲರೂ ಅದನ್ನೇ ಅನುಸರಿಸುತ್ತ ಬಂದಿರುವರೆಂಬುದು ಈ ಪ್ರಬಂಧದ ಪ್ರಥಮ ಪ್ರತಿಜ್ಞೆ. ಸೋಮವಾರ ಊರಿಗೆ ಹೊರಟ ಭಾವಮೈದುನನು “ಎಂಟು ದಿನದಲ್ಲಿ ಬಂದುಬಿಡುತ್ತೇನೆ ಭಾವ” ಎಂದರೆ ಮುಂದಿನ ಸೋಮವಾರವೇ ಅವನ ಪಾಲಿನ ಅಕ್ಕಿಯನ್ನು ಅಳೆಯತಕ್ಕದ್ದು. ಏಕೆಂದರೆ ಹೊರಟ ಸೋಮವಾರವನ್ನೂ ಬಂದಿಳಿಯುವ ಸೋಮವಾರವನ್ನೂ ಎಣಿಕೆಯೊಳಗೆ ಸೇರಿಸಿದಲ್ಲಿ ದಿನಗಳು ಎಂಟಾಗುವುವು. ಅವನು ಹದಿನೈದು ದಿನವೆಂದಿದ್ದರೆ ಎರಡು ವಾರ. ನಡುವಣ ಸೋಮವಾರವು ಎರಡು ಎಂಟುಗಳಿಗೂ ಸಲ್ಲತಕ್ಕದ್ದಾದರೂ ಒಂದೇ ದಿನವನ್ನು ಎರಡು ಸಲ ಬಾಳುವುದು ಮನುಷ್ಯಮಾತ್ರರಿಗೆ ಅಸಾಧ್ಯವಾದ್ದರಿಂದ ಅಲ್ಲಿ ಒಂದಕ್ಕೆ ಲೋಪ ಬರುತ್ತದೆ. ಫ್ರೆಂಚರೂ ವಾರವನ್ನು ಎಂಟು ದಿನವೆಂದೂ ಎರಡು ವಾರವನ್ನು ಹದಿನೈದು ದಿನವೆಂದೂ ಹೇಳುವರಾಗಿ, ಇದು ನಮ್ಮವರ ಅಲಕ್ಷ್ಯದ ಫಲವೆಂಬ ಆಕ್ಷೇಪಕ್ಕೆ ಎಡೆಯಿಲ್ಲ.

ಹೀಗೆ ಆರಂಭದ ದಿನವನ್ನೂ ಲೆಕ್ಕಕ್ಕೆ ಹಿಡಿಯುವವರನ್ನು ಸಹಗಣಕರೆಂದೂ, ಮರುದಿನದಿಂದ ಎಣಿಸುವವರನ್ನು ಉತ್ತರಗಣಕರೆಂದೂ, ನಡುವಿನ ಬರಿದಾದ ದಿನಗಳನ್ನು ಮಾತ್ರ ಎಣಿಸುವವರನ್ನು ವ್ಯವಧಾನವಾದಿಗಳೆಂದೂ ಕರೆಯೋಣ. ಸಹಗಣಕರ ಪಕ್ಷಕ್ಕೆ ಜ್ವರದ ಬೆಂಬಲವೂ ಉಂಟು. ಒಂದು ದಿನ ಬಿಟ್ಟು ಒಂದು ದಿನ ಬರುವ ಜ್ವರವನ್ನು ಆಯುರ್ವೇದವು ತೃತೀಯಕವೆಂದೂ, ಎರಡು ದಿನ ಬಿಟ್ಟು ಬರುವುದನ್ನು ಚತುರ್ಥಕವೆಂದೂ ಕರೆದಿದೆ. ಸೋಮವಾರ ನಡುಗಿಸಿದ ಚಳಿಯು ಬುಧವಾರ ಮರಳಿದರೆ ಗಂಟೆಯ ಲೆಕ್ಕಕ್ಕೆ ಕಳೆದದ್ದು 48 ಗಂಟೆ, ಅಂದರೆ ಎರಡೇ ದಿನ; ಆದರೆ ರೋಗಿಯ ಪಾಲಿಗೆ ಸೋಮವಾರವೂ ಒಂದು ದಿನವೇ ಅಲ್ಲವೆ? ಪಾಶ್ಚಾತ್ಯ ವೈದ್ಯರೂ ಇವೇ ಮಲೇರಿಯಾ ಜ್ವರಗಳಿಗೆ ಮೂರರ ಮತ್ತು ನಾಲ್ಕರ ಹೆಸರುಗಳನ್ನೇ ಇಟ್ಟಿರುವರು.

ಈ ಮತಭೇದವು ಹಾಸಿಗೆ ಹಿಡಿದವರಲ್ಲಿ ಮುಗಿಯದೆ ಸಾಮ್ರಾಜ್ಯವೊಂದರ ಪಂಚಾಂಗವನ್ನೇ ಕೆಡಿಸಿದ ವೃತ್ತಾಂತವು ರೋಮಿನದು. ಜೂಲಿಯಸ್ ಸೀಸರನು ಕ್ರಿ.ಪೂ. 45ರಿಂದ ಹೊಸ ಪಂಚಾಂಗವನ್ನು ಜಾರಿಗೆ ತಂದು, ನಾಲ್ಕನೆಯ ವರ್ಷಕ್ಕೊಮ್ಮೆ ಒಂದು ದಿನವನ್ನು ಹೆಚ್ಚಿಗೆ ಸೇರಿಸತಕ್ಕದ್ದೆಂದು ವಿಧಿಸಿ, ಮರುವರ್ಷವೇ ಕೊಲೆಯಾಗಿ ಹೋದುದರಿಂದ, ನಾಲ್ಕೆಂದರೆ ಎಷ್ಟೆಂದು ಕೇಳಲು ಯಾರೂ ಉಳಿಯಲಿಲ್ಲ. ಪುರೋಹಿತರು ಅಪ್ಪಟ ಸಹಗಣಕರು. ದಿನ ಸೇರಿಸಿದ ವರ್ಷವನ್ನೇ ಒಂದೆಂದು ಹಿಡಿದು ಎರಡು, ಮೂರು, ನಾಲ್ಕು ಎಂದು ಎಣಿಸಿ, ಆ ನಾಲ್ಕನ್ನೇ ಮತ್ತೆ ಒಂದೆಂದು ಹಿಡಿದ ಕಾರಣ, ಅಧಿಕದಿನವು ಮೂರು ವರ್ಷಕ್ಕೊಮ್ಮೆ ಬೀಳತೊಡಗಿತು. ಮೂವತ್ತಾರು ವರ್ಷಗಳಲ್ಲಿ 9 ಬರಬೇಕಾದಲ್ಲಿ 12 ದಿನ ಸೇರಿತ್ತು. ಕಡೆಗೆ ಅಗಸ್ಟಸ್ ಚಕ್ರವರ್ತಿಯು ಹನ್ನೆರಡು ವರ್ಷಕಾಲ ಅಧಿಕದಿನವನ್ನೇ ನಿಲ್ಲಿಸಿ ಆ ಮೂರು ದಿನಗಳ ಸಾಲವನ್ನು ತೀರಿಸಿದನು. ಪುರೋಹಿತರು ದಡ್ಡರೆಂಬ ಅಭಿಪ್ರಾಯ ನನ್ನದಲ್ಲ. ಅವರು ಆಜ್ಞೆಯನ್ನು ತಮ್ಮ ನುಡಿಯ ರೂಢಿಯಂತೆಯೇ ಓದಿದ್ದರು.

ನಮ್ಮ ಪುರಸಭೆಗಳಿಗೆ ಅಂಥ ಚಕ್ರವರ್ತಿಯ ಯೋಗವಿಲ್ಲ. ಸೋಮವಾರ ಬಂದ ನಲ್ಲಿನೀರು “ಮೂರು ದಿನಕ್ಕೊಮ್ಮೆ” ಬರುವುದೆಂದು ಸಾರಿದಲ್ಲಿ, ಸಹಗಣಕ ಗೃಹಿಣಿಯು ಬುಧವಾರವೇ ಕೊಡ ತೊಳೆದಿಟ್ಟು ಕಾಯುವಳು. ಉತ್ತರಗಣಕಳು ಗುರುವಾರ ಬೆಳಗಿನ ಜಾವ ಏಳುವಳು. ನೀರು ಬಿಡುವಾತನು ವ್ಯವಧಾನವಾದಿಯಾಗಿ ಮಂಗಳ, ಬುಧ, ಗುರುವಾರಗಳನ್ನು ಬಿಟ್ಟು ಶುಕ್ರವಾರ ಗೇಟ್‌ವಾಲ್ವ್ ತಿರುಗಿಸುವನು. ಮೂವರದೂ ಶಾಸ್ತ್ರಸಮ್ಮತವೇ. ಬುಧವಾರವಾಗಲಿ ಗುರುವಾರವಾಗಲಿ ಎಂದು ನೇರವಾಗಿ ಹೇಳಬಹುದಿತ್ತಲ್ಲಾ ಎಂದು ಕೇಳುವವರು, ವಾರದ ಏಳು ದಿನಗಳನ್ನು ಮೂರರಿಂದ ಭಾಗಿಸಿ ನೋಡಲಿ. ಒಂದು ಉಳಿಯುವುದರಿಂದ ನೀರಿನ ದಿನವು ವಾರದಿಂದ ವಾರಕ್ಕೆ ಸರಿಯುತ್ತಲೇ ಇರುವುದು. ದಿನ ಬಿಟ್ಟು ದಿನದ ಗತಿಯೂ ಅದೇ: ಈ ವಾರ ಸೋಮ, ಬುಧ, ಶುಕ್ರ, ಭಾನುಗಳೆಂದು ನಾಲ್ಕು ಸಲವಾದರೆ, ಮುಂದಿನ ವಾರ ಮಂಗಳ, ಗುರು, ಶನಿಗಳೆಂದು ಮೂರೇ ಸಲ.

ವಾರಕ್ಕೆರಡು ಸಲವೆಂಬಲ್ಲಿ ಸಂಖ್ಯೆಯು ನಿಶ್ಚಿತ, ಅಂತರ ಅನಿಶ್ಚಿತ. ಸಂಗೀತದ ಮೇಷ್ಟರು ಶನಿವಾರ ಸಂಜೆ ಒಮ್ಮೆ, ಭಾನುವಾರ ಬೆಳಿಗ್ಗೆ ಒಮ್ಮೆ ಬಂದು ಸರಳೆವರಸೆ ಹೇಳಿಕೊಟ್ಟು, ಮುಂದಿನ ಶನಿವಾರದವರೆಗೆ ಕಾಣಿಸದಿದ್ದರೂ ಒಪ್ಪಂದಕ್ಕೆ ಭಂಗವಿಲ್ಲ. ಇನ್ನು ಎರಡು ವಾರದಲ್ಲಿ ಎಂಬ ಪದಪುಂಜಕ್ಕೆ ಎರಡು ವಾರದೊಳಗಾಗಿ ಎಂಬ ಅರ್ಥವನ್ನು ಅರ್ಜಿದಾರರೂ, ಎರಡು ವಾರ ಕಳೆದ ಮೇಲೆ ಎಂಬ ಅರ್ಥವನ್ನು ಗುಮಾಸ್ತರೂ ಹಿಡಿಯುವರು. ಎರಡು ವಾರ ತುಂಬಿದ ದಿನ ಕಚೇರಿಗೆ ಹೋಗಿ ವಿಚಾರಿಸಿದವರಿಗೆ ದೊರೆಯುವ ಉತ್ತರವೇ ಈ ಶಾಸ್ತ್ರದ ನಾಲ್ಕನೆಯ ದರ್ಶನ: “ಕಡತ ನನ್ನ ಮೇಜಿಗೆ ಬಂದ ದಿನದಿಂದ ಸ್ವಾಮಿ. ಇನ್ನೂ ಬಂದಿಲ್ಲ.”